ಮಡಚಿದ ಅಂಚಿನ ಹಾಳೆಗಳು

ನನ್ನ ಹೊಟ್ಟೆಕಿಚ್ಚು ಹುಟ್ಟಿದ ಗಳಿಗೆ ನನಗೆ ಚೆನ್ನಾಗಿ ನೆನಪಿದೆ. ವಿಶ್ವವಿದ್ಯಾಲಯದ ನಮ್ಮ ವಿಭಾಗದ ಸೆಮಿನಾರ್ ಕೋಣೆ, ಎದುರಿಗೆ ಆರಿಹೋದ ಚಹಾ, ಮೇಜಿನ ತುದಿಯಲ್ಲಿ ನಮ್ಮ ಗೈಡ್. ನಾವೆಲ್ಲ ಮೇಡಂ ಎನ್ನುತ್ತಿದ್ದ ಅವರು, ನನಗಿಂತ ಎರಡು ವರ್ಷ ತಡವಾಗಿ ಸಂಶೋಧನೆಗೆ ಸೇರಿದ್ದ ರಾಯಚೂರಿನ ಹುಡುಗಿಯ ಕಡೆ ನೋಡಿ, "ಇವಳ ಮುಂದೆ ಜನ ತಾವಾಗಿ ಬಾಯಿ ಬಿಡುತ್ತಾರೆ, ಇದು ಕಲಿಸಿ ಬರುವುದಲ್ಲ" ಎಂದರು. ಅಲ್ಲಿಯವರೆಗಿನ ನಾಲ್ಕು ವರ್ಷದಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಮೆಚ್ಚುಗೆ, "ನಿನ್ನ ಅಡಿಟಿಪ್ಪಣಿಗಳು ಅಚ್ಚುಕಟ್ಟು" ಎಂಬುದು. ಅಡಿಟಿಪ್ಪಣಿ ಎಂದರೆ ಪುಟದ ಕಾಲ ಬಳಿ ಇರುವುದು. ಅಂದು ನಾನು ಅಲ್ಲಿಯೇ ಇದ್ದೇನೆ ಅನ್ನಿಸಿತು.

ನಾವಿಬ್ಬರೂ ಕೆಲಸ ಮಾಡುತ್ತಿದ್ದುದು ಒಂದೇ ವಿಷಯದ ಮೇಲೆ. ತೆಲುಗು ನಾಡಿನ ನಮ್ಮ ನಗರದ ನಾಚಾರಂ ಕೈಗಾರಿಕಾ ಪ್ರದೇಶದಲ್ಲಿ, ಮುಚ್ಚಿಹೋದ ಒಂದು ಮಷಿನ್ ಶಾಪಿನ ತಗಡಿನ ಶೆಡ್ಡಿನಲ್ಲಿ ಹುಟ್ಟಿದ ಹೊಸ ಪಂಥ ಅದು. ಅಲ್ಲಿ ಹಿಂದೆ ಫಿಟ್ಟರ್ ಆಗಿದ್ದವನೊಬ್ಬ ಅದರ ಗುರು. ಪ್ರತಿ ಭಾನುವಾರ ಬೆಳಿಗ್ಗೆ ಜನ ಬಂದು ಎರಡು ತಾಸು ಮಾತಿಲ್ಲದೆ ಕೂಡುತ್ತಾರೆ, ಆಮೇಲೆ ಪುಳಿಹೋರ, ಅಂದರೆ ಹುಳಿಯನ್ನ, ತಿಂದು ಮನೆಗೆ ಹೋಗುತ್ತಾರೆ. ನಾನಿಲ್ಲಿ ಅದನ್ನು ಬಳಗ ಎಂದಷ್ಟೇ ಕರೆಯುತ್ತೇನೆ. ಬಳಗಕ್ಕೆ ಬಂದವರ ಕಾಯಿಲೆ ಕಸಾಲೆ ನಿಜಕ್ಕೂ ವಾಸಿಯಾಗುತ್ತದೆಯೇ, ಅವರ ಬದುಕಿನಲ್ಲಿ ಏನು ಬದಲಾಗುತ್ತದೆ ಎನ್ನುವುದು ಪ್ರಶ್ನೆ. ಒಳಗಿರುವವರ ಅನುಭವ ಕಥನಗಳು ನನ್ನ ಪಾಲು, ಬಿಟ್ಟುಹೋದವರ ಮಾತು ಅವಳ ಪಾಲು. ಒಂದು ಸಂಪಾದಿತ ಪುಸ್ತಕದಲ್ಲಿ ನಮ್ಮ ವಿಭಾಗದ ಒಂದೇ ಲೇಖನಕ್ಕೆ ಜಾಗವಿತ್ತು. ಯಾರದ್ದನ್ನು ಕಳಿಸಬೇಕೆಂದು ಮೇಡಂ ತೀರ್ಮಾನಿಸುವವರಿದ್ದರು. ಒಂದು ಲೇಖನ ಅಚ್ಚಾಗದೆ ಮಹಾಪ್ರಬಂಧ ಸಲ್ಲಿಸುವಂತಿರಲಿಲ್ಲ. ಅವಳಿಗೆ ಇನ್ನೂ ಕಾಲವಿತ್ತು, ನನ್ನ ಗಡುವು ಮುಗಿಯುತ್ತ ಬಂದಿತ್ತು.

ಇಂಥ ವಿಷಯದ ಮೇಲೆ ಬರೆಯುವವರ ನಿಜವಾದ ಕಷ್ಟ ಬರವಣಿಗೆಯದ್ದಲ್ಲ, ಯಾರನ್ನು ನಂಬಬೇಕು ಎಂಬುದು. ಒಳಗಿದ್ದವರು ಎಲ್ಲವನ್ನೂ ಕೃಪೆಯ ಲೆಕ್ಕದಲ್ಲಿ ಹೇಳುತ್ತಾರೆ. ಜಗಳವಾಡಿ ಬಿಟ್ಟುಬಂದವರು ಎಲ್ಲವನ್ನೂ ಮೋಸದ ಲೆಕ್ಕದಲ್ಲಿ ಹೇಳುತ್ತಾರೆ. ವಿದ್ವಾಂಸರು ಎರಡನ್ನೂ ತೂಗಿ ಹೇಳುತ್ತಾರೆ ಎಂದು ನಾವು ನಂಬುತ್ತೇವೆ, ಆದರೆ ಅವರನ್ನು ಒಳಗೆ ಬಿಟ್ಟುಕೊಂಡವರು ಯಾರು, ಎಷ್ಟು ತೋರಿಸಿದರು ಎಂದು ಕೇಳುವುದನ್ನು ಮರೆಯುತ್ತೇವೆ. ಅದಕ್ಕೇ ಮೇಡಂ ನಮ್ಮಿಬ್ಬರಿಂದಲೂ ಆಧಾರಗಳ ಕೋಷ್ಟಕ ಮಾಡಿಸಿದ್ದರು. ಯಾರು ಹೇಳಿದರು, ಕಣ್ಣಾರೆ ಕಂಡದ್ದೋ ಕೇಳಿದ್ದೋ, ಯಾವಾಗ ದಾಖಲಾಯಿತು, ಹೀಗೆ ಹೇಳುವುದರಲ್ಲಿ ಅವರಿಗೇನು ಸಿಗುತ್ತದೆ, ಇದಕ್ಕೆ ಸಂಬಂಧವಿಲ್ಲದ ಬೇರೆ ಆಧಾರ ಇದೆಯೇ. ಒಬ್ಬೊಬ್ಬರಿಗೆ ಒಂದೊಂದು ಸಾಲು.

ನನ್ನ ಕೋಷ್ಟಕ ನೋಡಲು ಬಲು ಸೊಗಸಾಗಿತ್ತು. ಬಳಗದ ತೆಲುಗು ಮಾಸಪತ್ರಿಕೆಯಿಂದ ನಲವತ್ತೆರಡು ಅನುಭವ ಕಥನಗಳನ್ನು ಆರಿಸಿದ್ದೆ. ಬೇರೆ ಬೇರೆ ಊರು, ಬೇರೆ ಬೇರೆ ಕಸುಬು, ಆದರೂ ಎಲ್ಲರದ್ದೂ ಒಂದೇ ದಾರಿ. ಮೊದಲು ಸಂಕಟ, ಆಮೇಲೆ ಯಾರೋ ಬಳಗಕ್ಕೆ ಕರೆದದ್ದು, ಮೂರನೇ ಭಾನುವಾರ ಕಣ್ಣೀರು, ಕೊನೆಗೆ ನೋವು ಮಾಯ. ನಲವತ್ತೆರಡು ಜನ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದೇ ಮಾತು ಹೇಳಿದ್ದಾರೆ ಎಂದು ಹಿಗ್ಗಿ ಬರೆದಿದ್ದೆ. ಬಳಗದ ಬಗ್ಗೆ ಹಿರಿಯ ಸಮಾಜಶಾಸ್ತ್ರಜ್ಞರೊಬ್ಬರು ಬರೆದ ಲೇಖನವೂ ಇದನ್ನೇ ಹೇಳುತ್ತಿತ್ತು. ಅವರ ಮಾತು ನನಗೆ ಬೆನ್ನಿಗೆ ಗೋಡೆ ಇದ್ದ ಹಾಗೆ.

ಕೋಷ್ಟಕದಲ್ಲಿ ಒಂದು ಸಾಲನ್ನು ಮಾತ್ರ ನಾನು ಸೇರಿಸಿರಲಿಲ್ಲ. ಮಲ್ಕಾಜ್‌ಗಿರಿಯ ನಮ್ಮ ಮನೆಯಲ್ಲಿ ನಮ್ಮೊಂದಿಗೇ ಇದ್ದ ನನ್ನ ಸೋದರತ್ತೆ, ಅಂದರೆ ಅಪ್ಪನ ತಂಗಿ, ಏಳು ವರ್ಷದಿಂದ ಆ ಬಳಗಕ್ಕೆ ಹೋಗುತ್ತಿದ್ದಳು. ತೆಲುಗು ಮಾಧ್ಯಮದ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತಳಾದವಳು. ನಾನು ಅವಳನ್ನು ಕರೆಯುವುದು ಅತ್ತಿ ಎಂದು. ಭಾನುವಾರ ಬಳಗ, ವಾರದ ನಡುವೆ ಮನೆಯಲ್ಲಿ ಕೂತು ಅಲ್ಲಿಯದೇ ಏನೋ ಸೇವೆ. ಊಟದ ಮೇಜಿನ ಮೇಲೆ ಅವಳು ಏನಾದರೂ ಬರೆಯುತ್ತಿರುವುದನ್ನು ನೋಡುತ್ತಿದ್ದೆ, ಬಗ್ಗಿ ಎಂದೂ ಓದಿರಲಿಲ್ಲ. ಸ್ವಂತ ಸಂಬಂಧಿಕರನ್ನು ಆಧಾರವಾಗಿ ಬಳಸಬಾರದು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ನಿಜವೆಂದರೆ ನಮ್ಮ ಮನೆಯಲ್ಲೇ ಒಬ್ಬಳು ಭಕ್ತೆ ಇದ್ದಾಳೆಂದು ವಿಭಾಗದಲ್ಲಿ ಹೇಳಲು ನನಗೆ ನಾಚಿಕೆ.

ತೀರ್ಮಾನಕ್ಕೆ ಮೊದಲು ಮೇಡಂ ನಮ್ಮ ಕರಡುಗಳನ್ನು ಅದಲು ಬದಲು ಮಾಡಿ ಕೊಟ್ಟರು. ಒಬ್ಬರ ಆಧಾರಗಳನ್ನು ಇನ್ನೊಬ್ಬರು ಪರೀಕ್ಷಿಸಿ ವರದಿ ಕೊಡಬೇಕು. ಅವಳ ಕರಡನ್ನು ನಾನು ಓದಿದ್ದು ಹುಳುಕು ಹುಡುಕಲೆಂದೇ, ಸುಳ್ಳು ಯಾಕೆ ಹೇಳಲಿ. ಅವಳ ಮುಖ್ಯ ಆಧಾರ ಒಬ್ಬನೇ ಮನುಷ್ಯ. ಬಳಗದ ಮಾಸಪತ್ರಿಕೆಯನ್ನು ಟೈಪು ಮಾಡಿ ಅಚ್ಚು ಹಾಕಿಸುತ್ತಿದ್ದವನು, ಜಗಳವಾಗಿ ಹೊರಬಿದ್ದವನು. ಸಂದರ್ಶನದ ತುಂಬ ಸಿಟ್ಟು. ಗುರುವನ್ನು ಢೋಂಗಿ ಎಂದಿದ್ದ, ಕೂಡುವವರನ್ನು ಕುರಿಗಳು ಎಂದಿದ್ದ. ನನಗೆ ಒಳಗೊಳಗೇ ಖುಷಿ.

ಒಂಬತ್ತನೇ ಪುಟದಲ್ಲಿ ಅವನು ಹೇಳಿದ್ದ ಮಾತು ಹೀಗಿತ್ತು: "ಅನುಭವ ಅಂತ ಬರುವುದೆಲ್ಲ ಕಟ್ಟುಕಥೆ, ಅಂಥ ಜನರೇ ಇಲ್ಲ. ಎಲ್ಲವನ್ನೂ ಒಬ್ಬಳೇ ವಯಸ್ಸಾದ ಹೆಂಗಸು ಬರೆದು ಕಳಿಸುತ್ತಿದ್ದಳು. ಹಾಳೆಯನ್ನು ಎಡಗಡೆ ಮಡಚಿ ಅಂಚು ಬಿಡುತ್ತಿದ್ದಳು, ಒಂದೊಂದು ಪ್ಯಾರಾದ ಪಕ್ಕಕ್ಕೆ ಕೆಂಪು ಪೆನ್ನಿನಲ್ಲಿ ಒಂದು ಸರಿ ಗುರುತು. ಪರೀಕ್ಷೆ ಪೇಪರ್ ತಿದ್ದಿದ ಹಾಗೆ."

ಹಾಗೆ ಹಾಳೆ ಮಡಚುವವಳು ಯಾರೆಂದು ನನಗೆ ಗೊತ್ತಿತ್ತು. ಕಿರಾಣಿ ಪಟ್ಟಿ ಬರೆದರೂ ಎಡಕ್ಕೆ ಮಡಚಿ, ಉಗುರಿನಿಂದ ಗೀರಿ, ಬಿಚ್ಚಿ ಬರೆಯುವವಳು. ಗ್ಯಾಸ್ ಬುಕ್ ಮಾಡಿದರೆ ಅದರ ಪಕ್ಕಕ್ಕೆ ಕೆಂಪು ಸರಿ ಗುರುತು ಹಾಕುವವಳು. ನನ್ನ ನಲವತ್ತೆರಡು ಆಧಾರಗಳು ಒಂದೇ ಆಧಾರ. ಅದು ಅಡುಗೆಮನೆಯಲ್ಲಿ ಚಹಾ ಕಾಸುತ್ತಿತ್ತು.

ಆ ದಿನವೇ ಮೇಡಂ ಬಳಿ ಹೋಗಿ ಹೇಳಬಹುದಿತ್ತು. ಕನಿಷ್ಠ ಅಡುಗೆಮನೆಗೆ ಹೋಗಿ ಅತ್ತಿಯನ್ನೇ ಕೇಳಬಹುದಿತ್ತು. ನಾನು ಲ್ಯಾಪ್‌ಟಾಪ್ ತೆರೆದು ವರದಿ ಬರೆದೆ. ಅದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ, ಅದೇ ಅದರ ನೀಚತನ. ಜಗಳವಾಡಿ ಹೊರಬಂದವರು ತಮ್ಮ ಹಳೆಯ ದಿನಗಳನ್ನು ಇಂದಿನ ಸಿಟ್ಟಿನ ಬೆಳಕಿನಲ್ಲಿ ಮತ್ತೆ ಹೊಲಿಯುತ್ತಾರೆ ಎಂದು ಬರೆದೆ. ಸದ್ದಿಲ್ಲದೆ ಬಿಟ್ಟುಹೋದವರೇ ಹೆಚ್ಚು, ಅವರನ್ನು ಲೇಖಕಿ ಕೇಳಿಲ್ಲ ಎಂದೆ. ಇವನ ಹೇಳಿಕೆಗೆ ಪಂಥದ ಒಳಗಿನಿಂದ, ಯಾವ ದ್ವೇಷವೂ ಇಲ್ಲದವರ ಬೆಂಬಲ ಸಿಗುವತನಕ ಇದನ್ನು ಅತಿ ದುರ್ಬಲ ಆಧಾರವೆಂದೇ ಎಣಿಸಬೇಕು ಎಂದು ಮುಗಿಸಿದೆ.

ಮೇಡಂ ವರದಿ ಓದಿ, "ಗಟ್ಟಿಯಾಗಿದೆ" ಎಂದರು. ನನ್ನ ಲೇಖನದ ಕಡೆ ವಾಲುತ್ತಿರುವುದು ಗೊತ್ತಾಗುತ್ತಿತ್ತು. ಆ ವಾರವೆಲ್ಲ ನಾನು ಮೆಟ್ರೋದಲ್ಲಿ ಸೀಟು ಸಿಗದಿದ್ದರೂ ನಗುತ್ತ ನಿಂತಿದ್ದೆ. ಮನೆಯಲ್ಲಿ ಮಾತ್ರ ಅತ್ತಿಯ ಎದುರಿಗೆ ಕೂತು ಊಟ ಮಾಡುವುದು ಕಷ್ಟವಾಯಿತು.

ವರದಿ ಓದಿ ಆ ಹುಡುಗಿ ಸಿಟ್ಟಾಗಬೇಕಿತ್ತು. ಜಗಳಕ್ಕೆ ಬಂದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಗ್ರಂಥಾಲಯದ ಮೆಟ್ಟಿಲ ಮೇಲೆ ಸಿಕ್ಕು ಅವಳು ಹೇಳಿದ್ದಿಷ್ಟು: "ಅಕ್ಕಾರ, ನಿಮ್ಮ ವರದಿ ಓದಿದೆ. ನೀವು ಹೇಳಿದ್ದು ಬರೋಬರಿ ಐತ್ರಿ. ಒಳಗಿನವ್ರನ್ನ ನಾ ಕೇಳೇ ಇಲ್ಲ. ಈ ಭಾನುವಾರದಿಂದ ನಾಚಾರಂಕ್ಕ ಹೋಗಿ ಸುಮ್ಮ ಕೂಡತೀನಿ."

ನನ್ನ ವರದಿಯೇ ಅವಳನ್ನು ಅಲ್ಲಿಗೆ ಕಳಿಸಿತು. ನಾಲ್ಕು ಭಾನುವಾರ ಅವಳು ರಾಯಚೂರಿಗೆ ಹೋಗುವುದನ್ನೂ ಬಿಟ್ಟು ಆ ಶೆಡ್ಡಿನಲ್ಲಿ ಕೂತಳು. ಅದಕ್ಕೂ ಮೊದಲು ಪ್ರತಿ ಶನಿವಾರ ಕಾಚಿಗೂಡ ನಿಲ್ದಾಣದಲ್ಲಿ ರೈಲು ಹಿಡಿದು ತಾಯಿಯನ್ನು ನೋಡಲು ಹೋಗುತ್ತಿದ್ದವಳು. ನಾನು ಆ ಶೆಡ್ಡಿಗೆ ನಾಲ್ಕು ವರ್ಷದಲ್ಲಿ ಎರಡು ಸಲ ಹೋಗಿದ್ದೆ, ಎರಡು ಸಲವೂ ಬಾಗಿಲ ಬಳಿ ಕೂತು ಟಿಪ್ಪಣಿ ಬರೆದಿದ್ದೆ.

ನಾಲ್ಕನೇ ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಕರೆಗಂಟೆ ಸದ್ದಾಯಿತು. ಬಾಗಿಲು ತೆಗೆದರೆ ಅತ್ತಿ, ಅವಳ ಚೀಲ ಹಿಡಿದುಕೊಂಡು ಹಿಂದೆ ಆ ಹುಡುಗಿ. ನನ್ನನ್ನು ಕಂಡು ಅವಳಿಗೂ ಗಾಬರಿ.

"ಈಕಿ ನಮ್ಮ ಕಡೀ ಹುಡುಗಿ, ರಾಯಚೂರಾಕಿ," ಎಂದಳು ಅತ್ತಿ. "ನನ್ನ ಬಾಜೂನ ಕೂಡತಾಳ. ನನ್ನ ಮೊಣಕಾಲು ನೋಡಿ ಆಟೋದಾಗ ಮನೀತನಕ ಬಂದಾಳ. ರೊಟ್ಟಿ ಉಂಡು ಹೋಗಲಿ."

"ಅತ್ತಿ, ಇವಳು ನನ್ನ ಜೋಡಿ ಓದಾಕಿ," ಎಂದೆ.

"ಹೌದೇನು? ಮತ್ತ ಛಲೋ ಆತು," ಎಂದು ಅತ್ತಿ ಒಳಗೆ ಹೋಗಿ ತಾಟು ತಂದಳು.

ಆ ಹುಡುಗಿ ಉಣ್ಣುತ್ತ ಸಂಶೋಧನೆಯ ಪ್ರಶ್ನೆಗಳನ್ನು ಒಮ್ಮೆಲೇ ಎತ್ತಲಿಲ್ಲ. ತಾನು ಬಳಗದ ಬಗ್ಗೆ ಬರೆಯುತ್ತಿರುವುದನ್ನು ಮೊದಲ ಭಾನುವಾರವೇ ಅತ್ತಿಗೆ ಹೇಳಿದ್ದಳಂತೆ. ಎಣ್ಣಗಾಯಿ ಚೆನ್ನಾಗಿದೆ ಅಂದಳು, ಮೊಣಕಾಲಿಗೆ ಯಾವ ಎಣ್ಣೆ ಹಚ್ಚುತ್ತೀರಿ ಅಂದಳು. ಆಮೇಲೆ ಅಷ್ಟೇ ಸಹಜವಾಗಿ, "ಅತ್ತೆವ್ವಾ, ಪತ್ರಿಕಾದಾಗ ಅನುಭವ ಬರತಾವಲ್ರಿ, ಅವನ್ನ ಯಾರು ಬರೀತಾರ?" ಎಂದಳು.

"ನಾನ ಬರೀತೀನಿ," ಎಂದಳು ಅತ್ತಿ, ಉಪ್ಪಿನಕಾಯಿ ಬಡಿಸುತ್ತ. "ಏಳು ವರ್ಷಾತು. ಅದ ನನ್ನ ಸೇವಾ."

ಹೀಗೆ, ಇಷ್ಟು ಸುಲಭವಾಗಿ. ಅತ್ತಿ ಎದ್ದು ಹೋಗಿ ತನ್ನ ಟ್ರಂಕಿನಿಂದ ಹನ್ನೊಂದು ನೋಟುಬುಕ್ಕು ತಂದು ಮೇಜಿನ ಮೇಲಿಟ್ಟಳು. ಜನ ಬಂದು ಹೇಳಿದ್ದನ್ನು ಶೆಡ್ಡಿನಲ್ಲೇ ಕೂತು ಬರೆದುಕೊಂಡ ಕಚ್ಚಾ ಪುಸ್ತಕಗಳು. ತೆಲುಗಿನವರದ್ದು ತೆಲುಗಿನಲ್ಲಿ, ನಮ್ಮವರದ್ದು ಕನ್ನಡದಲ್ಲಿ. ಪ್ರತಿಯೊಂದಕ್ಕೂ ತಾರೀಖು, ಊರು. ಮನೆಗೆ ಬಂದು ಇವನ್ನೇ ನೋಡಿಕೊಂಡು ಮಡಚಿದ ಹಾಳೆಯಲ್ಲಿ ತೆಲುಗಿನಲ್ಲಿ ನೀಟಾಗಿ ಬರೆದು ಕಳಿಸುತ್ತಿದ್ದಳು. ನಾಲ್ಕೇ ಪ್ಯಾರಾ ಇರಬೇಕು, ಸಂಕಟ, ಕರೆ, ಕಣ್ಣೀರು, ವಾಸಿ ಎಂದು ಪತ್ರಿಕೆಯವರೇ ಹೇಳಿಕೊಟ್ಟಿದ್ದರಂತೆ. ಒಂದೊಂದು ಬರೆದಾದ ಮೇಲೆ ಸರಿ ಗುರುತು.

ಆ ಹುಡುಗಿ ಒಂದು ಪುಟ ತೆರೆದು ಓದಿದಳು. ಕಲಬುರಗಿ ಕಡೆಯ ಒಬ್ಬ ಹೂ ಮಾರುವ ಹೆಂಗಸಿನ ಮಾತು: "ಸೊಂಟದ ನೋವು ಐತಿ, ಅಂಜಿಕಿ ಹೋಗೈತಿ." ಅದೇ ಹೆಂಗಸಿನ ಕಥನ ನನ್ನ ನಲವತ್ತೆರಡರಲ್ಲಿ ಹದಿನಾರನೆಯದು. ಅಚ್ಚಾದ ಪತ್ರಿಕೆಯಲ್ಲಿ, ಹತ್ತು ವರ್ಷದ ಸೊಂಟನೋವು ಮೂರನೇ ಭಾನುವಾರಕ್ಕೆ ಮಾಯವಾಯಿತು ಎಂದಿತ್ತು.

"ಇದನ್ನ ಯಾಕ ಬದಲಿ ಮಾಡಿದ್ರಿ?" ಎಂದಳು ಅವಳು. ದನಿಯಲ್ಲಿ ತಪ್ಪು ಹಿಡಿಯುವ ಧಾಟಿ ಇರಲಿಲ್ಲ.

ಅತ್ತಿ ಯೋಚನೆ ಮಾಡಿದಳು. "ನಾಕನೇ ಪ್ಯಾರಾಕ್ಕ ಏನರ ಬೇಕಲ್ಲ. ಆಕಿ ಸುಳ್ಳ ಹೇಳಿಲ್ಲ, ನಾನೂ ಸುಳ್ಳ ಹೇಳಬೇಕಂತ ಬರದಿಲ್ಲ. ಆದ್ರ ಆಕಿ ಹೇಳಿದ್ದ ಬ್ಯಾರೆ, ನಾ ಬರದದ್ದ ಬ್ಯಾರೆ. ಅದಕ್ಕ ಇವನ್ನ ಒಗದಿಲ್ಲ."

ನಾನು ಗೋಡೆಗೆ ಒರಗಿ ನಿಂತಿದ್ದೆ. ಎಂಟು ಹೆಜ್ಜೆ ದೂರದ ಟ್ರಂಕಿನಲ್ಲಿ ನನ್ನ ಇಡೀ ಮಹಾಪ್ರಬಂಧ ಏಳು ವರ್ಷದಿಂದ ಕೂತಿತ್ತು. "ಅತ್ತಿ, ನನಗ ಯಾಕ ಹೇಳಲಿಲ್ಲ?" ಎಂದೆ.

"ನೀ ಕೇಳಿದ್ದೆಲ್ಲಿ?" ಎಂದಳು. "ಬಳಗ ಅಂದ್ರ ಮುಖ ತಿರುವತಿದ್ದಿ. ನಾ ಬರಿಯೋದು ದಿನಾ ನೋಡ್ತಿದ್ದಿ. ಹಾಳಿ ಹಿಂಗ ಮಡಚೋದು ನಿನಗ ಅಕ್ಷರಾಭ್ಯಾಸದ ದಿನ ಕಲಿಸಿದಾಕಿ ನಾನ. ಈ ಮಡಿಕಿ ಗುರುತು ಸಿಗದಾಂಗ ಇರತೈತೇನು?"

ಆ ಹುಡುಗಿ ನೋಟುಬುಕ್ಕಿನಿಂದ ತಲೆ ಎತ್ತಿ ನನ್ನನ್ನು ನೋಡಿದಳು. ಅವಳ ಕರಡಿನ ಒಂಬತ್ತನೇ ಪುಟವನ್ನು ನಾನು ಓದಿದ್ದೆ, ಮಡಚಿದ ಹಾಳೆಯ ಆ ಮಾತನ್ನೂ ಓದಿದ್ದೆ, ಓದಿ ಆ ಮನುಷ್ಯನನ್ನು ನಂಬಬೇಡಿ ಎಂದು ಬರೆದಿದ್ದೆ. ಅವಳು ಲೆಕ್ಕ ಹಾಕುವುದು ಮುಖದ ಮೇಲೆಯೇ ಕಾಣುತ್ತಿತ್ತು. ಅತ್ತಿಯ ಒಪ್ಪಿಗೆ ಕೇಳಿ, ಹೆಸರು ಎಲ್ಲಿಯೂ ಹಾಕುವುದಿಲ್ಲ ಎಂದು ಮಾತು ಕೊಟ್ಟು, ಕೆಲವು ಪುಟಗಳ ಫೋಟೋ ತೆಗೆದುಕೊಂಡಳು. ಹೋಗುವಾಗ ನನಗೂ, "ಬರತೀನ್ರಿ ಅಕ್ಕಾರ" ಎಂದಳು. ಅಂದು ಆ ಗೌರವ ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಮರುದಿನ ಬೆಳಿಗ್ಗೆ ಅವಳಿಗಿಂತ ಮೊದಲೇ ಮೇಡಂ ಕೋಣೆಗೆ ಹೋದೆ. ಪ್ರಾಮಾಣಿಕತೆ ಉಕ್ಕಿತ್ತು ಎಂದು ಯಾರೂ ತಿಳಿಯಬೇಡಿ. ಅವಳು ಹೇಳುವುದಕ್ಕೆ ಮುಂಚೆ ನಾನೇ ಹೇಳಿದರೆ ಸ್ವಲ್ಪವಾದರೂ ಮಾನ ಉಳಿದೀತು ಎಂಬ ಲೆಕ್ಕಾಚಾರ. ಮನೆಯಲ್ಲಿ ಅತ್ತಿ ಇರುವುದನ್ನು ಮುಚ್ಚಿಟ್ಟದ್ದು, ಅಂಚಿನ ಗುರುತು ತಿಳಿದೂ ವರದಿ ಬರೆದದ್ದು, ನೋಟುಬುಕ್ಕಿನ ವಿಷಯ, ಎಲ್ಲ ಹೇಳಿದೆ.

ಮೇಡಂ ಬಯ್ಯಲಿಲ್ಲ. ತೆಲುಗು, ಇಂಗ್ಲಿಷು ಬೆರೆಸಿ ನಿಧಾನಕ್ಕೆ ಮಾತಾಡಿದರು. "ಆ ಮನುಷ್ಯ ಎರಡು ಮಾತು ಹೇಳಿದ್ದ. ಎಲ್ಲ ಒಬ್ಬರೇ ಬರೆದದ್ದು ಅನ್ನುವುದು ಅವನು ಕಣ್ಣಾರೆ ಕಂಡದ್ದು. ಅಂಥ ಜನರೇ ಇಲ್ಲ ಅನ್ನುವುದು ಅವನ ಊಹೆ. ಸಿಟ್ಟು ಅವನ ಊಹೆಯನ್ನು ಕೆಡಿಸಿತು, ಕಣ್ಣನ್ನು ಕೆಡಿಸಲಿಲ್ಲ. ನೀನು ಸಿಟ್ಟನ್ನು ನೋಡಿ ಎರಡನ್ನೂ ಒಟ್ಟಿಗೆ ತಳ್ಳಿಹಾಕಿದೆ."

"ಹಿರಿಯರ ಲೇಖನವೂ ನನ್ನಂತೆಯೇ ಹೇಳಿತ್ತು," ಎಂದೆ, ಇನ್ನೂ ಆ ಗೋಡೆಗೆ ಒರಗುವ ಆಸೆಯಿಂದ.

"ಅವರು ಶೆಡ್ಡಿನಲ್ಲಿ ಕೂತು ಕಂಡದ್ದನ್ನು ಬರೆದ ಭಾಗ ಇವತ್ತಿಗೂ ಗಟ್ಟಿ. ವಾಸಿಯಾದ ಕತೆಗಳಿಗೆ ಅವರ ಟಿಪ್ಪಣಿಯಲ್ಲಿ ಕೊಟ್ಟ ಆಧಾರ ಯಾವುದು?"

ಪುಟ ತಿರುವಿ ನೋಡಿದೆ. ಅದೇ ಮಾಸಪತ್ರಿಕೆ. ಭಕ್ತರು, ವಿರೋಧಿ, ವಿದ್ವಾಂಸರು, ಎಲ್ಲರೂ ನಮ್ಮ ಮನೆಯ ಊಟದ ಮೇಜಿನಿಂದಲೇ ಎತ್ತಿಕೊಂಡು ಹೋಗಿದ್ದರು.

ಮೇಡಂ ನನ್ನ ಕೋಷ್ಟಕದ ಪ್ರತಿಯನ್ನು ನನ್ನ ಕಡೆ ತಳ್ಳಿದರು. "ನಲವತ್ತೆರಡು ಸಾಲು ಹೊಡೆದುಹಾಕಿ ಒಂದು ಮಾಡು. ಕೆಳಗೆ ಇನ್ನೊಂದು ಸಾಲು ಸೇರಿಸು. ನಿನ್ನ ವರದಿಯೂ ಒಂದು ಆಧಾರವೇ, ಅದನ್ನು ನಂಬಿ ನಾನು ತೀರ್ಮಾನ ಮಾಡುವವಳಿದ್ದೆ. ಅದನ್ನು ಹೇಳಿದವರು ಯಾರು, ಹೇಳುವುದರಲ್ಲಿ ಅವರಿಗೇನು ಸಿಗುತ್ತಿತ್ತು, ತುಂಬಿಸು."

ಅವರ ಎದುರಿಗೇ ಕೂತು ತುಂಬಿಸಿದೆ. ಹೇಳಿದವರು: ನಾನು. ಕಂಡದ್ದೋ ಕೇಳಿದ್ದೋ: ಕಂಡದ್ದು, ಹೇಳದೆ ಉಳಿದದ್ದು. ಸಿಗುವುದೇನು ಎಂಬ ಜಾಗದಲ್ಲಿ ಮೊದಲು 'ಲೇಖನ ಪ್ರಕಟಣೆ' ಎಂದು ಬರೆದೆ. ಮೇಡಂ ಕಾಯುತ್ತಿದ್ದರು. ಅದನ್ನು ಹೊಡೆದು 'ಹೊಟ್ಟೆಕಿಚ್ಚು' ಎಂದು ಬರೆದೆ. ಇದೊಂದನ್ನು ಮಾತ್ರ ಕನ್ನಡದಲ್ಲಿ ಬರೆದೆ, ಅವರಿಗೆ ಓದಲು ಬಾರದೆಂದು. ಅವರು ಅರ್ಥ ಕೇಳಿದರು, ಹೇಳಬೇಕಾಯಿತು.

ಪುಸ್ತಕಕ್ಕೆ ಹೋದದ್ದು ಅವಳ ಲೇಖನ. ನನ್ನ ಗಡುವನ್ನು ಒಂದು ವರ್ಷ ಮುಂದಕ್ಕೆ ಹಾಕಿಸಿಕೊಂಡೆ, ಅರ್ಜಿಯಲ್ಲಿ ಕಾರಣ ಬರೆಯುವಾಗ ಮುಖ ಬಿಸಿಯಾಯಿತು. ಅವಳ ಲೇಖನ ಚೆನ್ನಾಗಿದೆ. ಕಚ್ಚಾ ಮಾತು ಅಚ್ಚಾಗುವಷ್ಟರಲ್ಲಿ ಹೇಗೆ ಬದಲಾಗುತ್ತದೆ ಎಂಬುದನ್ನು ಪುಟಕ್ಕೆ ಪುಟ ಪಕ್ಕದಲ್ಲಿಟ್ಟು ತೋರಿಸಿದ್ದಾಳೆ. ಬಳಗಕ್ಕೆ ಬಂದವರು ನಿಜವಾದ ಜನ, ಅವರ ಸಮಾಧಾನವೂ ನಿಜ, ವಾಸಿಯಾದ ಮಾತಿಗೆ ಮಾತ್ರ ಕಚ್ಚಾ ಪುಸ್ತಕದಲ್ಲಿ ಆಧಾರ ಕಡಿಮೆ ಎಂದಿದ್ದಾಳೆ. ಕೊನೆಯ ಟಿಪ್ಪಣಿಯಲ್ಲಿ, ಒಳಗಿನವರನ್ನು ಕೇಳು ಎಂದು ದಾರಿ ತೋರಿಸಿದ ಸಹ ಸಂಶೋಧಕಿಗೆ ಋಣಿ ಎಂದು ಬರೆದಿದ್ದಾಳೆ. ಮತ್ತೆ ನಾನು ಅಡಿಟಿಪ್ಪಣಿಯಲ್ಲಿ. ಅವಳು ಅದನ್ನು ಮನಸಾರೆ ಬರೆದಿದ್ದಾಳೆಂದು ನನಗೆ ಗೊತ್ತು, ಆದ್ದರಿಂದಲೇ ಮೈ ಉರಿಯುತ್ತದೆ.

ಈಗಲೂ ಅವಳು ತಿಂಗಳಿಗೊಂದು ಭಾನುವಾರ ಮನೆಗೆ ಬರುತ್ತಾಳೆ. ಅತ್ತಿ ಅವಳಿಗಾಗಿ ಶೇಂಗಾ ಚಟ್ನಿ ಕುಟ್ಟಿಡುತ್ತಾಳೆ, ನನಗೆ ಡಬ್ಬಿಯ ತಳದ್ದು ಸಿಗುತ್ತದೆ. ಕಳೆದ ಸಲ ಅವಳು ಹೋದ ಮೇಲೆ ಅತ್ತಿ ನನ್ನನ್ನು ಮೇಜಿನ ಬಳಿ ಕರೆದಳು. ಹೊಸ ಹಾಳೆ ತೆಗೆದು ಎಡಕ್ಕೆ ಮಡಚಿ, ಉಗುರಿನಿಂದ ಗೀರಿ, ಬಿಚ್ಚಿ ಇಟ್ಟಳು.

"ಮಂದೀ ಅನುಭವ ಎಲ್ಲಾ ಬರದೆ. ನಿಂದೊಂದು ಹೇಳು, ಬರೀತೀನಿ," ಎಂದಳು.

ತಮಾಷೆಗೆ ಕೇಳುತ್ತಿಲ್ಲ ಎಂದು ಗೊತ್ತಾಯಿತು. ನನ್ನ ಇಪ್ಪತ್ತೊಂಬತ್ತು ವರ್ಷದ ಬದುಕಿನಲ್ಲಿ ನಾವಿಬ್ಬರೂ ಒಬ್ಬರ ಒಳಗಿನ ಮಾತನ್ನು ಇನ್ನೊಬ್ಬರು ಕೇಳಿರಲಿಲ್ಲ. ನಾನು ಎದುರಿಗೆ ಕೂತೆ.

"ಹೊಟ್ಟಿಕಿಚ್ಚು ಐತಿ ಅತ್ತಿ," ಎಂದೆ. "ಅಂಜಿಕಿ ಹೋಗೈತಿ."

ಅತ್ತಿ ಪೆನ್ನು ಹಿಡಿದು ನನ್ನ ಮುಖ ನೋಡಿದಳು. "ಹೆಂಗ ಬರೀಲಿ? ಹೊಟ್ಟಿಕಿಚ್ಚು ಹೋಯಿತು ಅಂತ ಬರೀಲೇನು?"

"ಬ್ಯಾಡ," ಎಂದೆ. "ಹೇಳಿದಂಗ ಬರಿ."